ಡಿಪಿಪಿಸಿ ಪೊರೆಗೆ ಕೊಲೆಸ್ಟ್ರಾಲ್: ಜೆಲ್ ಸಡಿಲವಾಯಿತು ಅಂತೀರಿ, ಸೋರಿಕೆ ಯಾಕೆ ನಿಂತಿತು?

ತುಂತುರು

ಎಲ್ಲರಿಗೂ ನಮಸ್ಕಾರ. ಡಿಪಿಪಿಸಿ ಲಿಪೊಸೋಮಿನ ಎರಡು ಸೆಟ್ ಇವೆ. ಒಂದರಲ್ಲಿ ಕೊಲೆಸ್ಟ್ರಾಲ್ ಇಲ್ಲ, ಇನ್ನೊಂದರಲ್ಲಿ 30 ಮೋಲ್ ಶೇಕಡಾ ಇದೆ. ಡಿಪಿಎಚ್ ಹಾಕಿ ಅನೈಸೊಟ್ರೊಪಿ ನೋಡಿದಾಗ ಬಂದದ್ದು ಇಷ್ಟು:

25 ಡಿಗ್ರಿಯಲ್ಲಿ ಬರೀ ಡಿಪಿಪಿಸಿ 0.32, ಕೊಲೆಸ್ಟ್ರಾಲ್ ಜೊತೆ 0.29.
50 ಡಿಗ್ರಿಯಲ್ಲಿ ಬರೀ ಡಿಪಿಪಿಸಿ 0.09, ಕೊಲೆಸ್ಟ್ರಾಲ್ ಜೊತೆ 0.20.
ಹೋಲಿಕೆಗೆ ಡಿಒಪಿಸಿ, 25 ಡಿಗ್ರಿಯಲ್ಲಿ 0.11 ಇದ್ದದ್ದು ಕೊಲೆಸ್ಟ್ರಾಲ್ ಹಾಕಿದ ಮೇಲೆ 0.16.

ತಣ್ಣಗಿದ್ದಾಗ ಕೊಲೆಸ್ಟ್ರಾಲ್ ಪೊರೆಯನ್ನು ಸಡಿಲ ಮಾಡುತ್ತದೆ, ಬಿಸಿಯಲ್ಲಿ ಬಿಗಿ ಮಾಡುತ್ತದೆ ಅನ್ನುವುದು ಪಠ್ಯಪುಸ್ತಕದ ಮಾತು. ದಿಕ್ಕು ಸರಿಯಾಗಿಯೇ ಇದೆ. ಆದರೆ ತಣ್ಣಗಿನ ಕಡೆ ಬದಲಾವಣೆ ಇಷ್ಟು ಚಿಕ್ಕದು ಯಾಕೆ?

ಎರಡನೇ ಪ್ರಶ್ನೆಯೇ ನನಗೆ ಹೆಚ್ಚು ಕಾಡುತ್ತಿರುವುದು. ಕಾರ್ಬಾಕ್ಸಿಫ್ಲೋರೆಸೀನ್ ತುಂಬಿ 41 ಡಿಗ್ರಿಯಲ್ಲಿ ಸೋರಿಕೆ ನೋಡಿದರೆ, ಬರೀ ಡಿಪಿಪಿಸಿಯಲ್ಲಿ ಹತ್ತು ನಿಮಿಷಕ್ಕೆ ಸುಮಾರು ಶೇ 30 ಹೊರಬರುತ್ತದೆ. ಕೊಲೆಸ್ಟ್ರಾಲ್ ಇದ್ದ ಸೆಟ್ಟಿನಲ್ಲಿ ಶೇ 3 ಕೂಡ ಇಲ್ಲ. ಜೆಲ್ ಸಡಿಲವಾಗಿದ್ದರೆ ಸೋರಿಕೆ ಹೆಚ್ಚಬೇಕಿತ್ತಲ್ಲವೇ?

ಬೆಳ್ಳಕ್ಕಿ

ಕೊಲೆಸ್ಟ್ರಾಲ್ ಪೊರೆಯನ್ನು ಗಟ್ಟಿ ಮಾಡುತ್ತದೆ, ಅಷ್ಟೇ. ಜೀವಕೋಶದಲ್ಲಿ ಯಾವಾಗ ಅಳೆದರೂ ಬರುವ ಉತ್ತರ ಇದೇ. ತಣ್ಣಗಿದ್ದಾಗ ಸಡಿಲ ಮಾಡುತ್ತದೆ ಅನ್ನುವುದು ಪರೀಕ್ಷೆಗೆ ಬರೆಯುವ ವಾಕ್ಯ. ನಿಮ್ಮ 0.32ರಿಂದ 0.29 ಅಳತೆಯ ಗದ್ದಲ ಇರಬಹುದು.

ಇನ್ನೊಂದು ಅನುಮಾನ. 30 ಶೇಕಡಾ ಅಂದದ್ದು ತೂಕದಲ್ಲೋ ಮೋಲಿನಲ್ಲೋ? ಎಷ್ಟೋ ಜನ ಇಲ್ಲೇ ಎಡವುತ್ತಾರೆ.

ಕ್ಯುವೆಟ್

ಬೆಳ್ಳಕ್ಕಿಯವರ ಎರಡನೇ ಅನುಮಾನ ಮೊದಲು ಪರಿಹಾರವಾಗಲಿ, ಅದು ತಪ್ಪಿದ್ದರೆ ಉಳಿದ ಮಾತೆಲ್ಲ ದಂಡ. ಡಿಪಿಪಿಸಿಯ ಅಣುತೂಕ 734, ಕೊಲೆಸ್ಟ್ರಾಲಿನದು 386.7. ಒಟ್ಟು 10 ಮೈಕ್ರೊಮೋಲ್ ಲಿಪಿಡ್ ಬೇಕು, ಅದರಲ್ಲಿ 30 ಮೋಲ್ ಶೇಕಡಾ ಕೊಲೆಸ್ಟ್ರಾಲ್ ಇರಬೇಕು ಅಂದರೆ 7 ಮೈಕ್ರೊಮೋಲ್ ಡಿಪಿಪಿಸಿ, ಅಂದರೆ 5.14 ಮಿ.ಗ್ರಾಂ, ಜೊತೆಗೆ 3 ಮೈಕ್ರೊಮೋಲ್ ಕೊಲೆಸ್ಟ್ರಾಲ್, ಅಂದರೆ 1.16 ಮಿ.ಗ್ರಾಂ. ತೂಕದಲ್ಲಿ 7:3 ಹಾಕಿಬಿಟ್ಟರೆ ಕೊಲೆಸ್ಟ್ರಾಲ್ ಸುಮಾರು 45 ಮೋಲ್ ಶೇಕಡಾಕ್ಕೆ ಹೋಗುತ್ತದೆ. ಅದು ಬೇರೆಯೇ ಪೊರೆ. ನೀವು ಹಾಕಿದ ಪ್ರಮಾಣ ತಿಳಿಸಿ.

ತಯಾರಿಕೆಯನ್ನೂ ಸ್ವಲ್ಪ ಬರೆಯಿರಿ. ನೀರು ಕೂಡಿಸಿದ್ದು ಎಷ್ಟು ಡಿಗ್ರಿಯಲ್ಲಿ, ಫಿಲ್ಟರಿನಿಂದ ಹಾಯಿಸಿದ್ದು ಎಷ್ಟು ಡಿಗ್ರಿಯಲ್ಲಿ, ಡಿಪಿಎಚ್ ಎಷ್ಟಕ್ಕೆ ಎಷ್ಟು, ಉಷ್ಣಾಂಶ ಓದಿದ್ದು ಎಲ್ಲಿ.

ತುಂತುರು

ಮೋಲಿನಲ್ಲೇ, ಸರ್. ನೀವು ಹೇಳಿದ 5.14 ಮತ್ತು 1.16 ಮಿ.ಗ್ರಾಂ. ಎರಡನ್ನೂ ಕ್ಲೋರೋಫಾರ್ಮಿನಲ್ಲಿ ಕರಗಿಸಿ ಬೆರೆಸಿ, ನೈಟ್ರೋಜನ್ ಬಿಟ್ಟು ಒಣಗಿಸಿ, ಮತ್ತೆ ಎರಡು ಗಂಟೆ ನಿರ್ವಾತದಲ್ಲಿ ಇಟ್ಟದ್ದು. 55 ಡಿಗ್ರಿಯ ಬಫರ್ ಹಾಕಿ ಒಂದು ಗಂಟೆ ಆಗಾಗ ಅಲುಗಾಡಿಸಿ, ಐದು ಸಲ ಹೆಪ್ಪುಗಟ್ಟಿಸಿ ಕರಗಿಸಿ, 100 ನ್ಯಾನೊಮೀಟರ್ ಪಾಲಿಕಾರ್ಬೊನೇಟ್ ಫಿಲ್ಟರಿನಲ್ಲಿ 55 ಡಿಗ್ರಿಯಲ್ಲೇ 11 ಸಲ ಹಾಯಿಸಿದ್ದು. ಡಿಪಿಎಚ್ 1:500, ಟೆಟ್ರಾಹೈಡ್ರೊಫ್ಯುರಾನಿನಲ್ಲಿ 1 ಮಿಲಿಮೋಲಾರ್ ಇದ್ದದ್ದು 20 ಮೈಕ್ರೊಲೀಟರ್. ಕ್ಯುವೆಟ್ಟಿನಲ್ಲಿ ಲಿಪಿಡ್ 0.1 ಮಿಲಿಮೋಲಾರ್. 360ರಲ್ಲಿ ಬೆಳಕು ಬಿಟ್ಟು 430ರಲ್ಲಿ ಓದಿದ್ದು. ಉಷ್ಣಾಂಶ ಯಂತ್ರದ ಪರದೆ ತೋರಿಸಿದ್ದೇ.

ಕ್ಯುವೆಟ್

ತಯಾರಿಕೆ ಚೆನ್ನಾಗಿದೆ. 41ರ ಕೆಳಗೆ ಡಿಪಿಪಿಸಿಯನ್ನು ಹಾಯಿಸಲು ಹೋದವರ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಇಲ್ಲವೇ ಹರಿದು ಹೋಗುತ್ತದೆ. 11 ಸಲ ಅನ್ನುವುದೂ ಸರಿ. ಬೆಸ ಸಂಖ್ಯೆ ಇದ್ದರೆ ಕೊನೆಯ ಮಾದರಿ ಆಚೆಯ ಸಿರಿಂಜಿನಲ್ಲಿ ನಿಲ್ಲುತ್ತದೆ, ಹಾಯದೇ ಉಳಿದ ದೊಡ್ಡ ಕಣಗಳು ಅದರೊಂದಿಗೆ ಬೆರೆಯುವುದಿಲ್ಲ.

ಉಷ್ಣಾಂಶ ಮಾತ್ರ ಕ್ಯುವೆಟ್ಟಿನ ಒಳಗೇ ತೆಳು ಥರ್ಮೊಕಪಲ್ ಇಳಿಸಿ ಓದಿ. ಬ್ಲಾಕು 41 ತೋರಿಸುವಾಗ ಒಳಗಿನ ದ್ರಾವಣ ಒಂದೆರಡು ಡಿಗ್ರಿ ಕೆಳಗಿರುವುದು ಮಾಮೂಲು. 25ರಲ್ಲೋ 50ರಲ್ಲೋ ಆದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಬರೀ ಡಿಪಿಪಿಸಿ ಕರಗುವುದು ಒಂದೇ ಡಿಗ್ರಿಯ ಆಸುಪಾಸಿನಲ್ಲಿ, ಹಾಗಾಗಿ 41ರ ಹತ್ತಿರ ಅಷ್ಟು ವ್ಯತ್ಯಾಸವಾದರೆ ಬೇರೆಯೇ ಸ್ಥಿತಿ ಅಳೆದ ಹಾಗೆ.

ಈಗ ಮೊದಲ ಪ್ರಶ್ನೆ. ಡಿಪಿಎಚ್ ಪೊರೆಯ ಎಣ್ಣೆಯ ಭಾಗದೊಳಗೆ ಕಡ್ಡಿಯಂತೆ ಕೂರುವ ಅಣು. ಅದು ಬೆಳಕು ಹೀರಿ ಮತ್ತೆ ಹೊಮ್ಮಿಸುವ ಕೆಲವೇ ನ್ಯಾನೊಸೆಕೆಂಡಿನಲ್ಲಿ ಎಷ್ಟು ಓಲಾಡಿತು ಅನ್ನುವುದೇ ಅನೈಸೊಟ್ರೊಪಿ. ಅಲುಗಾಡದೆ ನಿಂತರೂ ಅದರ ಮೌಲ್ಯ 0.4 ದಾಟಲಾರದು, ಡಿಪಿಎಚ್‌ಗೆ ವಾಸ್ತವದಲ್ಲಿ 0.36ರಿಂದ 0.39. ಜೆಲ್ಲಿನಲ್ಲಿ ನಿಮಗೆ ಬಂದದ್ದು 0.32, ಅಂದರೆ ಹೆಚ್ಚೂಕಡಿಮೆ ಮಾಳಿಗೆಗೆ ತಲೆ ತಾಗಿದೆ. ಕೊಲೆಸ್ಟ್ರಾಲ್ ಬಂದಾಗ ಸರಪಳಿಗಳ ಸ್ಫಟಿಕದಂಥ ಜೋಡಣೆ ಮುರಿಯುತ್ತದೆ, ನಿಜ. ಆದರೆ ಸರಪಳಿಗಳ ಪಕ್ಕಕ್ಕೆ ಬಂದು ನಿಂತದ್ದೂ ಬಾಗದ ನಾಲ್ಕು ಉಂಗುರದ ಫಲಕವೇ. ಡಿಪಿಎಚ್‌ಗೆ ಓಲಾಡಲು ಸಿಗುವ ಕೋನ ಅಷ್ಟೇನೂ ಹಿಗ್ಗುವುದಿಲ್ಲ. ಹಾಗಾಗಿ 0.29.

50ರಲ್ಲಿ ಕಥೆಯೇ ಬೇರೆ. ಅಲ್ಲಿ ಬರೀ ಡಿಪಿಪಿಸಿಯ ಸರಪಳಿಗಳು ನಿಂತಲ್ಲಿ ನಿಲ್ಲದೆ ತಿರುಚಿಕೊಳ್ಳುತ್ತಿರುತ್ತವೆ. ಒಂದು ಅಣು ಹಿಡಿಯುವ ಜಾಗ ಜೆಲ್ಲಿನಲ್ಲಿ ಸುಮಾರು 0.48 ಚದರ ನ್ಯಾನೊಮೀಟರ್ ಇದ್ದದ್ದು 0.63ಕ್ಕೆ ಏರಿರುತ್ತದೆ. ಕೊಲೆಸ್ಟ್ರಾಲಿನ ಹೈಡ್ರಾಕ್ಸಿಲ್ ತುದಿ ಎಸ್ಟರ್ ಗುಂಪುಗಳ ಮಟ್ಟದಲ್ಲಿ ನಿಂತು, ಉಂಗುರದ ಭಾಗ ಸರಪಳಿಯ ಮೊದಲ ಒಂಬತ್ತು ಹತ್ತು ಕಾರ್ಬನ್‌ಗಳಿಗೆ ಒರಗಿದರೆ, ಆ ಭಾಗ ತಿರುಚಿಕೊಳ್ಳಲಾರದು. ಸರಪಳಿ ನೆಟ್ಟಗಾಗುತ್ತದೆ, ಅಣುಗಳು ಒತ್ತೊತ್ತಾಗುತ್ತವೆ, ಪೊರೆ ದಪ್ಪವಾಗುತ್ತದೆ. ಬದಲಾಗಲು ಇಲ್ಲಿ ಬೇಕಾದಷ್ಟು ಜಾಗ ಇತ್ತು, ಅದಕ್ಕೇ 0.09ರಿಂದ 0.20.

ಸಾರಾಂಶದಲ್ಲಿ ನಿಮ್ಮ ಕೊಲೆಸ್ಟ್ರಾಲ್ ಮಾದರಿ 25ರಲ್ಲೂ 50ರಲ್ಲೂ ಹೆಚ್ಚೂಕಡಿಮೆ ಒಂದೇ ಸ್ವಭಾವದ ಪೊರೆ. ಉಷ್ಣಾಂಶ ಏರಿದಂತೆ 0.29ರಿಂದ 0.20ಕ್ಕೆ ನಿಧಾನವಾಗಿ ಇಳಿಯುತ್ತದೆ, ಎಲ್ಲೂ ದಢಾರನೆ ಬೀಳುವುದಿಲ್ಲ. ಜಿಗಿಯುವುದು ಬರೀ ಡಿಪಿಪಿಸಿ. ಎರಡು ಉಷ್ಣಾಂಶದಲ್ಲಿ ಮಾತ್ರ ಅಳೆದರೆ ಕೊಲೆಸ್ಟ್ರಾಲ್ ಏನೋ ಎರಡು ಕೆಲಸ ಮಾಡಿದಂತೆ ಕಾಣುತ್ತದೆ. 20ರಿಂದ 55ರವರೆಗೆ ಎರಡೆರಡು ಡಿಗ್ರಿಗೊಮ್ಮೆ ಅಳೆದು ಎರಡೂ ಗೆರೆ ಒಂದೇ ಹಾಳೆಯಲ್ಲಿ ಎಳೆಯಿರಿ. ನಿಮಿಷಕ್ಕೆ ಒಂದು ಡಿಗ್ರಿಗಿಂತ ಬೇಗ ಬಿಸಿ ಮಾಡಬೇಡಿ.

ಬೆಳ್ಳಕ್ಕಿ

> ಎರಡು ಕೆಲಸ ಮಾಡಿದಂತೆ ಕಾಣುತ್ತದೆ

ನಾನು ಹೇಳಿದ್ದೂ ಅದೇ ಅಲ್ಲವೇ! ಗಟ್ಟಿ ಮಾಡುವುದೊಂದೇ ಅದರ ಕೆಲಸ.

ಕ್ಯುವೆಟ್

ಅರ್ಧ ಒಪ್ಪುತ್ತೇನೆ. 37 ಡಿಗ್ರಿಯ ಪ್ರಾಣಿಕೋಶದ ಪೊರೆಯಲ್ಲಿ ಜೆಲ್ ಇರುವುದಿಲ್ಲ, ಆದ್ದರಿಂದ ಅಲ್ಲಿ ಕೊಲೆಸ್ಟ್ರಾಲ್ ಸೇರಿಸಿದರೆ ಕಾಣುವುದು ಬಿಗಿಯಾಗುವುದೇ. ನಿಮ್ಮ ಅನುಭವ ಅಲ್ಲಿಗೆ ಸರಿ. ಆದರೆ ಜೆಲ್ ಇದ್ದಲ್ಲಿ ಅದನ್ನು ಮುರಿಯುವುದೂ ಅಷ್ಟೇ ನಿಜ, ಅದನ್ನು ಡಿಪಿಎಚ್ ಸರಿಯಾಗಿ ತೋರಿಸುವುದಿಲ್ಲ ಅಷ್ಟೇ.

ಪೊರೆಯೊಳಗೆ ಅಣುಗಳು ಪಕ್ಕಕ್ಕೆ ಎಷ್ಟು ಬೇಗ ಸರಿಯುತ್ತವೆ ಅಂತ ನೋಡಿ. ಬೆಳಕಿನಿಂದ ಒಂದು ಚುಕ್ಕೆಯನ್ನು ಮಂಕಾಗಿಸಿ ಅದು ಮತ್ತೆ ತುಂಬುವುದನ್ನು ಕಾಯುವ ಪ್ರಯೋಗದಲ್ಲಿ, ಬರೀ ಡಿಪಿಪಿಸಿ ಜೆಲ್ಲಿನ ಚುಕ್ಕೆ ಕಾದಷ್ಟು ಹೊತ್ತೂ ಮಂಕಾಗಿಯೇ ಇರುತ್ತದೆ. ಡಿಒಪಿಸಿಯಂಥ ದ್ರವ ಪೊರೆಯಲ್ಲಿ ಸೆಕೆಂಡುಗಳಲ್ಲಿ ತುಂಬುತ್ತದೆ. ಕೊಲೆಸ್ಟ್ರಾಲ್ ಧಾರಾಳವಾಗಿರುವ ಡಿಪಿಪಿಸಿಯಲ್ಲೂ ತುಂಬುತ್ತದೆ, ದ್ರವ ಪೊರೆಗಿಂತ ನಿಧಾನ ನಿಜ, ಆದರೆ ಜೆಲ್ಲಿನ ಜೊತೆ ಹೋಲಿಕೆಯೇ ಇಲ್ಲದಷ್ಟು ಬೇಗ. ಸರಪಳಿಗಳು ಜೆಲ್ಲಿನ ಹಾಗೆ ನೆಟ್ಟಗೆ, ಅಣುಗಳು ದ್ರವದ ಹಾಗೆ ಓಡಾಡುತ್ತವೆ. ಇದನ್ನೇ ಕ್ರಮಬದ್ಧ ದ್ರವ ಸ್ಥಿತಿ ಅನ್ನುವುದು. ದ್ರವತೆ ಅಂತ ಒಂದೇ ಅಂಕಿ ಹುಡುಕುತ್ತಾ ಹೋದರೆ ಈ ಸ್ಥಿತಿಗೆ ಯಾವ ಅಂಕಿ ಕೊಡುತ್ತೀರಿ?

ಮುಗುಳು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ 240 ಬಂದಿದೆ. ಹಾಗಾದರೆ ನನ್ನ ಜೀವಕೋಶಗಳ ಪೊರೆಯೆಲ್ಲ ಗಟ್ಟಿಯಾಗಿದೆ ಅಂತಲೇ? ಎಣ್ಣೆ ಬದಲಾಯಿಸಿದರೆ ಮತ್ತೆ ಸಡಿಲವಾಗುತ್ತದೆಯೇ?

ಗಂಧಕ

ಇಲ್ಲಿನ ಚರ್ಚೆ ಗಾಜಿನ ಕೊಳವೆಯಲ್ಲಿ ಮಾಡಿದ ಪೊರೆಯದ್ದು. ರಕ್ತಪರೀಕ್ಷೆಯ ಅಂಕಿ ಲಿಪೊಪ್ರೋಟೀನಿನಲ್ಲಿ ಸಾಗುತ್ತಿರುವ ಕೊಲೆಸ್ಟ್ರಾಲಿನದು. ಕೋಶಗಳು ತಮ್ಮ ಪೊರೆಯ ಪ್ರಮಾಣವನ್ನು ತಾವೇ ನಿಭಾಯಿಸಿಕೊಳ್ಳುತ್ತವೆ, ಹಾಗಾಗಿ ಒಂದರಿಂದ ಇನ್ನೊಂದನ್ನು ಊಹಿಸಲಾಗದು. ಕೆಂಪು ರಕ್ತಕಣ ಸ್ವಲ್ಪ ಬೇರೆ, ಅದು ತಾನಾಗಿ ಕೊಲೆಸ್ಟ್ರಾಲ್ ತಯಾರಿಸುವುದಿಲ್ಲ, ಪ್ಲಾಸ್ಮಾದ ಜೊತೆ ಕೊಡು-ಕೊಳ್ಳು ನಡೆಸುತ್ತದೆ. ತೀವ್ರ ಯಕೃತ್ತಿನ ಕಾಯಿಲೆಯಲ್ಲಿ ಅದರ ಪೊರೆಗೆ ಕೊಲೆಸ್ಟ್ರಾಲ್ ಹೆಚ್ಚು ಸೇರಿ ಕಣ ಮುಳ್ಳುಮುಳ್ಳಾಗುವುದುಂಟು. 240ರ ಬಗ್ಗೆ ನಿಮ್ಮ ವೈದ್ಯರನ್ನೇ ಕೇಳಿ.

ತುಂತುರು

ಕ್ಯುವೆಟ್ ಸರ್, ಮೊದಲನೆಯದು ಅರ್ಥವಾಯಿತು. ಸೋರಿಕೆ?

ಕ್ಯುವೆಟ್

ಸೋರಿಕೆ ಸಡಿಲತೆಯನ್ನು ಅಳೆಯುತ್ತದೆ ಅಂತ ಅಂದುಕೊಂಡದ್ದೇ ಗೊಂದಲಕ್ಕೆ ಮೂಲ. ಕಾರ್ಬಾಕ್ಸಿಫ್ಲೋರೆಸೀನಿನಂಥ ವಿದ್ಯುದಂಶ ಹೊತ್ತ ದೊಡ್ಡ ಅಣು ದಾಟಬೇಕಾದರೆ ಪೊರೆಯಲ್ಲಿ ಬಿರುಕು ಬೇಕು. 41 ಡಿಗ್ರಿಯಲ್ಲಿ ಬರೀ ಡಿಪಿಪಿಸಿಯ ಒಂದೇ ಲಿಪೊಸೋಮಿನ ಮೇಲೆ ಜೆಲ್ಲಿನ ತೇಪೆಗಳೂ ದ್ರವದ ತೇಪೆಗಳೂ ಒಟ್ಟಿಗಿರುತ್ತವೆ. ಜೆಲ್ ದಪ್ಪ, ದ್ರವ ತೆಳು. ಎರಡೂ ಸಂಧಿಸುವ ಅಂಚಿನಲ್ಲಿ ಸರಪಳಿಗಳು ಸರಿಯಾಗಿ ಕೂಡುವುದಿಲ್ಲ, ಅಲ್ಲೇ ಬಣ್ಣ ಸೋರುವುದು. ಇನ್ನೂ ಒಂದು ಪರೀಕ್ಷೆ ಮಾಡಿ. ಬರೀ ಡಿಪಿಪಿಸಿಯನ್ನು 30, 41, 48 ಡಿಗ್ರಿಯಲ್ಲಿ ಅಳೆದರೆ ಸೋರಿಕೆಯ ವೇಗ 41ರಲ್ಲಿ ಶಿಖರ ಮುಟ್ಟಿ 48ರಲ್ಲಿ ಕೆಳಗಿಳಿಯುತ್ತದೆ, ಪೊರೆ ಇನ್ನಷ್ಟು ದ್ರವವಾಗಿದ್ದರೂ. ಸಡಿಲತೆಯೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

30 ಮೋಲ್ ಶೇಕಡಾ ಕೊಲೆಸ್ಟ್ರಾಲ್ ಹಾಕಿದಾಗ ಆ ತೀಕ್ಷ್ಣ ಕರಗುವಿಕೆಯೇ ಉಳಿಯುವುದಿಲ್ಲ. ಕ್ಯಾಲೊರಿಮೀಟರಿನಲ್ಲಿ ನೋಡಿದರೆ ಸಣ್ಣ ಪ್ರಮಾಣದಲ್ಲೇ 35ರ ಹತ್ತಿರದ ಚಿಕ್ಕ ಗುಡ್ಡ ಮಾಯವಾಗುತ್ತದೆ, 41ರ ಎತ್ತರದ ಶಿಖರ ಕುಗ್ಗುತ್ತಾ ಅಗಲವಾಗುತ್ತಾ 50 ಮೋಲ್ ಶೇಕಡಾ ಹೊತ್ತಿಗೆ ಕಾಣದಂತಾಗುತ್ತದೆ. ಅಂಚು ಹೋಯಿತು, ಬಿರುಕು ಹೋಯಿತು. ಉಳಿದದ್ದು ನೆಟ್ಟಗೆ ಒತ್ತಿಕೊಂಡ ಸರಪಳಿಗಳು. ಸೋರಿಕೆ ನಿಂತದ್ದರಲ್ಲಿ ಆಶ್ಚರ್ಯ ಇಲ್ಲ.

ಆದರೂ ಆ ಶೇ 3ನ್ನು ನಂಬುವ ಮೊದಲು ಒಂದು ಕೇಳುತ್ತೇನೆ. ನೂರಕ್ಕೆ ನೂರು ಸೋರಿಕೆ ಅಂತ ತೆಗೆದುಕೊಂಡದ್ದು ಹೇಗೆ?

ತುಂತುರು

ಕೊನೆಗೆ ಟ್ರೈಟಾನ್ ಎಕ್ಸ್-100, ಶೇ 0.1. ಕೋಣೆಯ ಉಷ್ಣಾಂಶದಲ್ಲಿ. 490ರಲ್ಲಿ ಬೆಳಕು, 520ರಲ್ಲಿ ಓದಿದ್ದು.

ಸೋರಿಕೆ % = 100 × (F − F0) / (Ft − F0)

ಕ್ಯುವೆಟ್

ಸಮೀಕರಣ ಸರಿ, Ft ಮೇಲೆ ನಂಬಿಕೆ ಇಲ್ಲ. ಕೊಲೆಸ್ಟ್ರಾಲ್ ಜಾಸ್ತಿ ಇರುವ ಡಿಪಿಪಿಸಿ ಪೊರೆ ತಣ್ಣಗಿನ ಟ್ರೈಟಾನಿಗೆ ಸುಲಭವಾಗಿ ಕರಗುವುದಿಲ್ಲ. ಒಳಗಿನ ಬಣ್ಣ ಪೂರ್ತಿ ಹೊರಬರದಿದ್ದರೆ Ft ಕಡಿಮೆ ಬರುತ್ತದೆ, ಛೇದ ಚಿಕ್ಕದಾಗಿ ಸೋರಿಕೆ ಇದ್ದದ್ದಕ್ಕಿಂತ ಹೆಚ್ಚು ಅನ್ನಿಸುತ್ತದೆ. ಟ್ರೈಟಾನ್ ಹಾಕಿ 60 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು, ಮತ್ತೆ ಅಳತೆಯ ಉಷ್ಣಾಂಶಕ್ಕೆ ತಂದು ಓದಿ. ಬಿಸಿಯಲ್ಲೇ ಓದಬೇಡಿ, ಬಣ್ಣದ ಹೊಳಪೇ ಉಷ್ಣಾಂಶಕ್ಕೆ ಬದಲಾಗುತ್ತದೆ. ಕಲಕಿದ ಮೇಲೆ ದ್ರಾವಣ ತಿಳಿಯಾಯಿತೇ ಅಂತ ಕಣ್ಣಿಂದ ನೋಡಿ. ಇನ್ನೂ ಮಬ್ಬಾಗಿದ್ದರೆ ಕರಗಿಲ್ಲ.

ನಿಮ್ಮ ವಿಷಯದಲ್ಲಿ ಈ ದೋಷ ತೀರ್ಮಾನವನ್ನು ತಿರುಗಿಸುವುದಿಲ್ಲ, ನಿಜವಾದ ಅಂಕಿ ಶೇ 3ಕ್ಕಿಂತಲೂ ಕಡಿಮೆ ಇರಬಹುದು ಅಷ್ಟೇ. ಬಣ್ಣ ಒಳಗೆ 100 ಮಿಲಿಮೋಲಾರ್ ಇಟ್ಟಿದ್ದರೆ ಹೊರಗಿನ ಬಫರಿನ ಆಸ್ಮೊಲಾಲಿಟಿಯನ್ನು ಉಪ್ಪು ಸೇರಿಸಿ ಅದಕ್ಕೆ ಸರಿಹೊಂದಿಸಿರಬೇಕು. ಹೊರಗೆ ತೆಳು ಬಫರ್ ಇದ್ದರೆ ನೀರು ಒಳನುಗ್ಗಿ ಲಿಪೊಸೋಮ್ ಉಬ್ಬಿ ಸೋರುತ್ತದೆ, ಅದನ್ನು ಕೊಲೆಸ್ಟ್ರಾಲಿನ ಲೆಕ್ಕಕ್ಕೆ ಹಾಕಿಬಿಡುತ್ತೇವೆ.

ಡಿಪಿಎಚ್ ಕಡೆಗೂ ಅಂಥದ್ದೇ ಒಂದು ಪರೀಕ್ಷೆ ಇದೆ. ಡಿಪಿಎಚ್ ಹಾಕದ ಲಿಪೊಸೋಮನ್ನು ಅದೇ ಸೆಟ್ಟಿಂಗಿನಲ್ಲಿ ಓದಿ ಕಳೆಯಿರಿ, ಆಮೇಲೆ ಮಾದರಿಯನ್ನು ಅರ್ಧಕ್ಕೆ ತೆಳುವಾಗಿಸಿ ಮತ್ತೆ ಓದಿ. r ಬದಲಾಗಬಾರದು. ಬಿಟ್ಟ ಬೆಳಕೇ ಚದುರಿ ಡಿಟೆಕ್ಟರ್ ಸೇರುತ್ತಿದ್ದರೆ r ಸುಳ್ಳಾಗಿ ಏರಿರುತ್ತದೆ, ಹೊಮ್ಮಿದ ಬೆಳಕು ದಾರಿಯಲ್ಲಿ ಚದುರುತ್ತಿದ್ದರೆ ಸುಳ್ಳಾಗಿ ಇಳಿದಿರುತ್ತದೆ.

r = (I_VV − G·I_VH) / (I_VV + 2·G·I_VH),  G = I_HV / I_HH

G ಅನ್ನು ಯಾವತ್ತೋ ಅಳೆದಿಟ್ಟದ್ದು ಬಳಸುವವರಿದ್ದಾರೆ. ಸ್ಲಿಟ್ ಅಥವಾ ತರಂಗದೂರ ಬದಲಾಯಿಸಿದರೆ ಮತ್ತೆ ಅಳೆಯಲೇಬೇಕು.

ಗಂಧಕ

ಕೊಲೆಸ್ಟ್ರಾಲಿನಲ್ಲೇ ಮುಳುಗಿದ್ದೀರಿ, ಸರಪಳಿಯ ಕಡೆಯಿಂದಲೂ ನೋಡೋಣ. ತುಂತುರು ಅವರ ಡಿಒಪಿಸಿ ಅಂಕಿ ಯಾರ ಕಣ್ಣಿಗೂ ಬಿದ್ದಂತಿಲ್ಲ.

ಎರಡೂ ಸರಪಳಿ ಪರ್ಯಾಪ್ತವಾಗಿದ್ದಾಗ 14 ಕಾರ್ಬನ್‌ಗೆ ಕರಗುವ ಉಷ್ಣಾಂಶ 24, 16ಕ್ಕೆ 41, 18ಕ್ಕೆ 55. ಉದ್ದ ಹೆಚ್ಚಿದಷ್ಟೂ ಸರಪಳಿಗಳು ಒಂದನ್ನೊಂದು ಹಿಡಿದುಕೊಳ್ಳುವ ಉದ್ದ ಹೆಚ್ಚು, ಬಿಡಿಸಲು ಹೆಚ್ಚು ಶಾಖ ಬೇಕು. ಆದರೆ ಎರಡು ಕಾರ್ಬನ್‌ಗೆ ಮೊದಲು 17 ಡಿಗ್ರಿ ಏರಿದ್ದು ಆಮೇಲೆ 14ಕ್ಕೆ ಇಳಿದದ್ದನ್ನು ಗಮನಿಸಿ. ಪ್ರತಿ ಎರಡು ಕಾರ್ಬನ್‌ಗೆ ಇಷ್ಟು ಡಿಗ್ರಿ ಅಂತ ಗೆರೆ ಎಳೆದು ಮುಂದಕ್ಕೆ ಲೆಕ್ಕ ಹಾಕಲು ಹೋಗಬೇಡಿ.

ಅದೇ 18 ಕಾರ್ಬನ್ ಇಟ್ಟುಕೊಂಡು ಎರಡೂ ಸರಪಳಿಯ ನಡುವೆ ಒಂದೊಂದು ಸಿಸ್ ದ್ವಿಬಂಧ ಇಟ್ಟರೆ ಡಿಒಪಿಸಿ. ಕರಗುವುದು ಸೊನ್ನೆಗಿಂತ ಸುಮಾರು 17 ಡಿಗ್ರಿ ಕೆಳಗೆ. 55ರಿಂದ ಅಲ್ಲಿಗೆ, ಎಪ್ಪತ್ತು ಡಿಗ್ರಿಗೂ ಹೆಚ್ಚಿನ ಕುಸಿತ! ಅದೇ ದ್ವಿಬಂಧ ಅದೇ ಜಾಗದಲ್ಲಿ ಟ್ರಾನ್ಸ್ ಆಗಿದ್ದರೆ ಸುಮಾರು 12 ಡಿಗ್ರಿ, ಏಕೆಂದರೆ ಸರಪಳಿ ಹೆಚ್ಚುಕಡಿಮೆ ನೆಟ್ಟಗೇ ಉಳಿಯುತ್ತದೆ. ಸಿಸ್ ಬಂಧವನ್ನು ಮಧ್ಯದಿಂದ ಯಾವ ತುದಿಯ ಕಡೆಗೆ ಸರಿಸಿದರೂ ಕರಗುವ ಉಷ್ಣಾಂಶ ಮತ್ತೆ ಏರುತ್ತದೆ. ಬಾಗು ಮಧ್ಯದಲ್ಲಿದ್ದಾಗಲೇ ಪಕ್ಕದವರಿಗೆ ಕಾಟ ಜಾಸ್ತಿ.

ಎಷ್ಟು ದ್ವಿಬಂಧ ಇದ್ದರೆ ಅಷ್ಟು ದ್ರವ ಅನ್ನುವುದನ್ನು ಎಲ್ಲ ಕಡೆ ಓದುತ್ತೇವೆ, ಅದು ಪೂರ್ತಿ ಸರಿಯಲ್ಲ. 18 ಕಾರ್ಬನ್‌ನ ಒಂದು ಪರ್ಯಾಪ್ತ ಸರಪಳಿ ಇಟ್ಟುಕೊಂಡು ಇನ್ನೊಂದನ್ನು ಬದಲಾಯಿಸುತ್ತಾ ಹೋಗಿ. ಒಂದು ದ್ವಿಬಂಧ ಬಂದಾಗ 55ರಿಂದ 6ಕ್ಕೆ ಇಳಿಯುತ್ತದೆ. ಎರಡನೆಯದು ಅದನ್ನು ಇನ್ನೂ ಇಪ್ಪತ್ತು ಡಿಗ್ರಿಯಷ್ಟು ಇಳಿಸುತ್ತದೆ. ಆಮೇಲೆ ನಾಲ್ಕಿರಲಿ ಆರಿರಲಿ, ಮುಂದಕ್ಕೆ ಇಳಿಯುವುದಿಲ್ಲ. ದೊಡ್ಡ ಕೆಲಸ ಮೊದಲ ದ್ವಿಬಂಧದ್ದು.

ಈಗ ಡಿಒಪಿಸಿಯ 0.11ರಿಂದ 0.16. ಡಿಪಿಪಿಸಿಯ 0.09ರಿಂದ 0.20ರ ಮುಂದೆ ಇದು ಸಪ್ಪೆ. ಬಾಗು ಇರುವುದು ಒಂಬತ್ತನೇ ಕಾರ್ಬನ್ ಬಳಿ, ಕೊಲೆಸ್ಟ್ರಾಲಿನ ಗಟ್ಟಿ ಉಂಗುರ ಮುಗಿಯುವುದೂ ಹೆಚ್ಚುಕಡಿಮೆ ಅಲ್ಲೇ. ನೆಟ್ಟಗಿನ ಫಲಕಕ್ಕೆ ಬಾಗಿದ ಸರಪಳಿ ಪೂರ್ತಿ ಒರಗಲಾರದು. ಹಾಗಾಗಿಯೇ ಆಯ್ಕೆ ಇದ್ದಾಗ ಕೊಲೆಸ್ಟ್ರಾಲ್ ಪರ್ಯಾಪ್ತ ಸರಪಳಿಯ ಪಕ್ಕ, ಇನ್ನೂ ಹೆಚ್ಚಾಗಿ ಸ್ಫಿಂಗೊಮೈಲಿನ್ ಪಕ್ಕ ಹೋಗಿ ನಿಲ್ಲುತ್ತದೆ.

ತುಂತುರು

ಇದು ಉಪಯೋಗವಾಯಿತು ಮೇಡಂ. ಮುಂದೆ ಡಿಪಿಪಿಸಿ, ಡಿಒಪಿಸಿ ಎರಡನ್ನೂ ಸಮ ಸಮ ಬೆರೆಸಿ ಅದಕ್ಕೆ 30 ಮೋಲ್ ಶೇಕಡಾ ಕೊಲೆಸ್ಟ್ರಾಲ್ ಹಾಕಿ ಡಿಪಿಎಚ್ ಅಳೆಯೋಣ ಅಂತಿದ್ದೆ. ನೈಜ ಪೊರೆಗೆ ಹತ್ತಿರ ಬರುತ್ತದೆ ಅಲ್ಲವೇ?

ಗಂಧಕ

ಆ ಮಿಶ್ರಣ ಕೋಣೆಯ ಉಷ್ಣಾಂಶದಲ್ಲಿ ಎರಡಾಗಿ ಒಡೆಯುತ್ತದೆ. ಡಿಪಿಪಿಸಿ ಮತ್ತು ಕೊಲೆಸ್ಟ್ರಾಲಿನ ಕ್ರಮಬದ್ಧ ತೇಪೆ ಒಂದು ಕಡೆ, ಡಿಒಪಿಸಿ ಹೆಚ್ಚಿರುವ ಸಡಿಲ ತೇಪೆ ಇನ್ನೊಂದು ಕಡೆ. ದೊಡ್ಡ ಲಿಪೊಸೋಮ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡು ತೇಪೆಗಳು ತೇಲುವುದು, ಒಂದಕ್ಕೊಂದು ತಾಗಿ ಕೂಡುವುದು ಕಣ್ಣಿಗೇ ಕಾಣುತ್ತದೆ. ಡಿಪಿಎಚ್ ಎರಡರಲ್ಲೂ ಕೂತು ಕೊಡುವುದು ಸರಾಸರಿ. 0.22 ಬಂತು ಅಂತಿಟ್ಟುಕೊಳ್ಳಿ, ಅಂಥ ಪೊರೆ ಅಲ್ಲಿ ಎಲ್ಲೂ ಇಲ್ಲದಿರಬಹುದು. ಮೊದಲು ಸೂಕ್ಷ್ಮದರ್ಶಕ, ಆಮೇಲೆ ಅನೈಸೊಟ್ರೊಪಿ.

ಹಾಲ್ನೊರೆ

ನನ್ನದು ಲಿಪೊಸೋಮ್ ಅಲ್ಲ, ಹೋರಿಯ ವೀರ್ಯ ಶೈತ್ಯೀಕರಣ. ತಣಿಸುವಾಗ ಪೊರೆ ಹಾಳಾಗುವುದನ್ನು ತಡೆಯಲು ಕೊಲೆಸ್ಟ್ರಾಲ್ ತುಂಬಿದ ಮೀಥೈಲ್-ಬೀಟಾ-ಸೈಕ್ಲೊಡೆಕ್ಸ್ಟ್ರಿನ್ ಬಳಸುತ್ತಿದ್ದೇವೆ, 12 ಕೋಟಿ ವೀರ್ಯಾಣುವಿಗೆ 1.5 ಮಿ.ಗ್ರಾಂ. ಕರಗಿಸಿದ ಮೇಲೆ ಚಲನೆ ಚೆನ್ನಾಗಿದೆ. ಆದರೆ ಪ್ರಯೋಗಾಲಯದಲ್ಲಿ ಫಲೀಕರಣಕ್ಕೆ ಬಿಟ್ಟಾಗ ತಡವಾಗಿ ಸ್ಪಂದಿಸುತ್ತವೆ. ಪೊರೆ ಅತಿಯಾಗಿ ಗಟ್ಟಿಯಾಯಿತೇ?

ಕ್ಯುವೆಟ್

ತಣಿಸುವಾಗ ಆಗುವ ಪೆಟ್ಟು ಮೇಲೆ ಹೇಳಿದ 41 ಡಿಗ್ರಿಯ ಕಥೆಗೆ ಹತ್ತಿರದ ಸಂಬಂಧಿ. ಪೊರೆಯ ಕೆಲವು ಲಿಪಿಡ್‌ಗಳು ಜೆಲ್ ಆಗುತ್ತವೆ, ಕೆಲವು ಆಗುವುದಿಲ್ಲ, ಅಂಚುಗಳಲ್ಲಿ ಸೋರುತ್ತದೆ. ಹೋರಿಯ ವೀರ್ಯಾಣುವಿನಲ್ಲಿ ಫಾಸ್ಫೊಲಿಪಿಡ್‌ಗೆ ಹೋಲಿಸಿದರೆ ಕೊಲೆಸ್ಟ್ರಾಲ್ ಕಡಿಮೆ, ಮನುಷ್ಯನದರಲ್ಲಿ ಅದರ ಎರಡರಷ್ಟು. ತಣಿಸುವಿಕೆಯನ್ನು ತಡೆದುಕೊಳ್ಳುವುದರಲ್ಲೂ ಹೆಚ್ಚುಕಡಿಮೆ ಅದೇ ವ್ಯತ್ಯಾಸ.

ನಿಮ್ಮ ತಡಕ್ಕೆ ಗಟ್ಟಿತನಕ್ಕಿಂತ ಬೇರೆ ಕಾರಣವಿದೆ. ಫಲೀಕರಣಕ್ಕೆ ಸಜ್ಜಾಗುವಾಗ ವೀರ್ಯಾಣು ಪೊರೆಯಿಂದ ಕೊಲೆಸ್ಟ್ರಾಲ್ ಹೊರಹಾಕಬೇಕು, ಅದೇ ಮುಂದಿನ ಹಂತಗಳಿಗೆ ಚಾಲನೆ. ನೀವು ಮೇಲಿಂದ ತುಂಬಿದ್ದನ್ನೂ ಅದೇ ಹೊರಹಾಕಬೇಕಲ್ಲ. ಕಾಯುವ ಸಮಯ ಹೆಚ್ಚಿಸಿ ನೋಡಿ, ಇಲ್ಲವೇ ಪ್ರಮಾಣ ಅರ್ಧ ಮಾಡಿ ಎರಡೂ ಕಡೆಯ ಫಲಿತಾಂಶ ಹೋಲಿಸಿ.

ಹಾಲ್ನೊರೆ

ಸಮಯ ಹೆಚ್ಚಿಸಿದರೆ ಅಷ್ಟರಲ್ಲಿ ಚಲನೆ ಬೀಳುತ್ತದೆ. ಪ್ರಮಾಣ ಇಳಿಸಿ ನೋಡುತ್ತೇವೆ. ಖಾಲಿ ಸೈಕ್ಲೊಡೆಕ್ಸ್ಟ್ರಿನ್ ಹಾಕಿ ಮತ್ತೆ ತೆಗೆದರೆ ಹೇಗೆ?

ಕ್ಯುವೆಟ್

ಅದು ಎಷ್ಟು ಬೇಕೋ ಅಷ್ಟೇ ತೆಗೆದು ನಿಲ್ಲುವುದಿಲ್ಲ. ಪ್ರಮಾಣ ಸ್ವಲ್ಪ ಹೆಚ್ಚಾದರೂ ಪೊರೆಯೇ ಕಿತ್ತುಹೋಗಬಹುದು. ಆ ದಾರಿ ಹಿಡಿಯುವುದಾದರೆ ತೀರಾ ಕಡಿಮೆಯಿಂದ ಶುರುಮಾಡಿ.

ಬೆಳ್ಳಕ್ಕಿ

ಬ್ಯಾಕ್ಟೀರಿಯಾ ಕೂಡ ಚಳಿಗೆ ಕೊಲೆಸ್ಟ್ರಾಲ್ ಹೆಚ್ಚಿಸಿಕೊಂಡೇ ಹೊಂದಿಕೊಳ್ಳುತ್ತದೆ ಅಲ್ಲವೇ?

ಗಂಧಕ

ಇಲ್ಲ. ಇ. ಕೊಲಿ ಕೊಲೆಸ್ಟ್ರಾಲ್ ಮಾಡುವುದೇ ಇಲ್ಲ, ಅದು ಸರಪಳಿಯನ್ನೇ ಬದಲಾಯಿಸುತ್ತದೆ. ತಂಪಾದಾಗ ಸಿಸ್-ವ್ಯಾಕ್ಸೀನಿಕ್ ಆಮ್ಲದ ಪಾಲು ಏರುತ್ತದೆ. ಚಿಕ್ಕ ಸರಪಳಿಯನ್ನು ಉದ್ದ ಮಾಡಿ ಅದನ್ನು ತಯಾರಿಸುವ ಕಿಣ್ವ ತಂಪಿನಲ್ಲಿ ಹೆಚ್ಚು ಚುರುಕು, ಹಾಗಾಗಿ ಹೊಸ ಜೀನ್ ಆದೇಶಕ್ಕೆ ಕಾಯಬೇಕಿಲ್ಲ. ಬೆಳೆಯುವ ಉಷ್ಣಾಂಶ ಬದಲಾದರೂ ಪೊರೆಯ ಸ್ನಿಗ್ಧತೆ ಹೆಚ್ಚುಕಡಿಮೆ ಒಂದೇ ಇರುತ್ತದೆ ಎಂದು 1974ರಲ್ಲಿ ತೋರಿಸಿದ್ದೂ ಇ. ಕೊಲಿಯಲ್ಲೇ.

ಸಿಪಾಯಿಗುಬ್ಬಿ

ಗಂಧಕ ಅವರೇ, ಡಿಒಪಿಸಿ ಕೊಲೆಸ್ಟ್ರಾಲಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲ ಅಂದದ್ದಕ್ಕೆ ತಕರಾರಿದೆ. ಪೊರೆಯನ್ನು ಬಗ್ಗಿಸಲು ಬೇಕಾದ ಬಲ ಏನಾಗುತ್ತದೆ? 2008ರ ಎಕ್ಸ್-ರೇ ಚದುರಿಕೆಯ ಅಳತೆಯಲ್ಲಿ ಡಿಒಪಿಸಿಗೆ ಕೊಲೆಸ್ಟ್ರಾಲ್ ಸೇರಿಸಿದರೆ ಅದು ಬದಲಾಗಲೇ ಇಲ್ಲ. 2020ರಲ್ಲಿ ನ್ಯೂಟ್ರಾನ್ ಅಳತೆ ಮಾಡಿದವರು ಗಣನೀಯವಾಗಿ ಏರುತ್ತದೆ ಅಂದರು. ಯಾವುದನ್ನು ನಂಬುವುದು?

ಗಂಧಕ

ನಾನು ಹೇಳಿದ್ದು ಡಿಪಿಎಚ್ ತೋರಿಸುವ ಕ್ರಮದ ವಿಷಯ, ಬಗ್ಗುವಿಕೆಯದ್ದಲ್ಲ. ಸರಪಳಿ ಸ್ವಲ್ಪ ನೆಟ್ಟಗಾದದ್ದು 0.16ರಲ್ಲೂ ಇದೆ. ಬಗ್ಗುವಿಕೆಯ ಬಗ್ಗೆ ಎರಡೂ ಕಡೆಯವರು ಅಳೆಯುವುದು ಒಂದೇ ಕಾಲಮಾನದಲ್ಲಲ್ಲ. ನ್ಯೂಟ್ರಾನ್ ನೋಡುವುದು ನ್ಯಾನೊಸೆಕೆಂಡುಗಳ, ಕೆಲವು ಹತ್ತು ನ್ಯಾನೊಮೀಟರಿನ ಅಲುಗಾಟ. ಅಷ್ಟು ಬೇಗದ ಅಲುಗಾಟದಲ್ಲಿ ಎರಡು ಪದರಗಳು ಒಂದರ ಮೇಲೊಂದು ಜಾರಿ ಹೊಂದಿಕೊಳ್ಳಲು ಸಮಯ ಸಿಗುವುದಿಲ್ಲ, ಹಾಗಾಗಿ ಗಟ್ಟಿ ಅನ್ನಿಸಬಹುದು.

ಸಿಪಾಯಿಗುಬ್ಬಿ

ಅದು ಒಂದು ವಾದ. ಆದರೆ ಕೊಲೆಸ್ಟ್ರಾಲ್ ಸೇರಿದಾಗ ಡಿಒಪಿಸಿಯಲ್ಲೂ ಅಣುಗಳು ಹತ್ತಿರವಾಗುತ್ತವೆ, ಪೊರೆ ದಪ್ಪವಾಗುತ್ತದೆ. ದಪ್ಪವಾಗಿಯೂ ಬಗ್ಗುವ ಬಲ ಬದಲಾಗದೇ ಇರಬೇಕಾದರೆ ಬೇರೇನೋ ಅದನ್ನು ಸರಿದೂಗಿಸಬೇಕು. ಅದು ಏನು ಅಂತ ಯಾರೂ ಒಪ್ಪುವಂತೆ ಹೇಳಿಲ್ಲ. ನಾನು ಇನ್ನೂ ನ್ಯೂಟ್ರಾನ್ ಕಡೆಗೇ.

ಕ್ಯುವೆಟ್

ನಾನು ಎಕ್ಸ್-ರೇ ಕಡೆಗೆ. ಇದಕ್ಕೆ ಬೇರೆ ಎಳೆ ತೆರೆಯಿರಿ, ಇಲ್ಲಿ ತುಂತುರು ಅವರ ಪ್ರಶ್ನೆ ಕಳೆದುಹೋಗುತ್ತದೆ.

ತುಂತುರು

ಟ್ರೈಟಾನ್ ಹಾಕಿ 60 ಡಿಗ್ರಿಗೆ ಬಿಸಿ ಮಾಡಿ ತಣಿಸಿ ಓದಿದೆ. ಕೊಲೆಸ್ಟ್ರಾಲ್ ಸೆಟ್ಟಿನ Ft ಏರಿತು, ಬರೀ ಡಿಪಿಪಿಸಿಯದು ಅಷ್ಟಾಗಿ ಏರಲಿಲ್ಲ. ಥರ್ಮೊಕಪಲ್ ಇಳಿಸಿದಾಗ ಪರದೆಯ 41 ಒಳಗೆ 39.8. ಹಾಗಾದರೆ ಶೇ 30 ಶಿಖರದ್ದಲ್ಲ, ಅದರ ಇಳಿಜಾರಿನದು ಅಂತಾಯಿತು. ಈಗ ಕ್ಯುವೆಟ್ಟಿನೊಳಗೆ 36ರಿಂದ 46ರವರೆಗೆ ಅರ್ಧ ಡಿಗ್ರಿಗೊಂದು ಓದು ತೆಗೆಯುತ್ತಿದ್ದೇನೆ. ಒಂದೇ ಮಾದರಿಯನ್ನು ಮೇಲಕ್ಕೆ ಬಿಸಿ ಮಾಡುತ್ತಾ ಹೋಗಲೇ, ಪ್ರತಿ ಉಷ್ಣಾಂಶಕ್ಕೂ ಹೊಸ ಮಾದರಿಯೇ?

ಕ್ಯುವೆಟ್

ಸೋರಿಕೆಗೆ ಪ್ರತಿ ಸಲ ಹೊಸ ಮಾದರಿ. 40ರಲ್ಲಿ ಸೋರಿ ಅರ್ಧ ಖಾಲಿಯಾದ ಲಿಪೊಸೋಮನ್ನು 42ಕ್ಕೆ ಒಯ್ದರೆ ಸೋರಲು ಉಳಿದಿರುವುದೇ ಕಡಿಮೆ, ಶಿಖರ ಇರಬೇಕಾದದ್ದಕ್ಕಿಂತ ಕೆಳಗಿನ ಉಷ್ಣಾಂಶಕ್ಕೆ ಜಾರಿದಂತೆ ಕಾಣುತ್ತದೆ. ಡಿಪಿಎಚ್‌ಗೆ ಒಂದೇ ಮಾದರಿ ಸಾಕು, ಬಿಸಿ ಮಾಡುತ್ತಾ ಒಮ್ಮೆ, ತಣಿಸುತ್ತಾ ಒಮ್ಮೆ ಓದಿ. ಓದುಗಳ ನಡುವೆ ಶಟರ್ ಮುಚ್ಚಿಡಿ, ಡಿಪಿಎಚ್ ಬೆಳಕಿಗೆ ಮಂಕಾಗುತ್ತದೆ.